ಬೋರ್‌ವೆಲ್ ಲಾರಿ ಕಾಯುತ್ತಿತ್ತು, ಹಣ ಹೋಗುತ್ತಿರಲಿಲ್ಲ

ಸಾವಿರದ ನಲವತ್ತು ಅಡಿಗೆ ನೀರು ಬಂತು. ರಾತ್ರಿ ಎರಡು ಗಂಟೆ ದಾಟಿತ್ತು. ಅದುವರೆಗೆ ಹೊಗೆಯಂತೆ ಏಳುತ್ತಿದ್ದ ಕಲ್ಲುಪುಡಿ ಇದ್ದಕ್ಕಿದ್ದಂತೆ ಕೆಸರಾಗಿ ಚಿಮ್ಮಿತು, ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದ ಅಮ್ಮ ಎದ್ದು ನಿಂತು ಕೈ ಮುಗಿದರು. ಇನ್ನಷ್ಟು ಇಳಿಸಿ ನೋಡೋಣ ಎಂದು 1,180 ಅಡಿಗೆ ನಿಲ್ಲಿಸಿದೆವು. ಎರಡು ಇಂಚು ನೀರು. ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನಲ್ಲಿ ಇದಕ್ಕಿಂತ ಆಳಕ್ಕೆ ಹೋಗಿ ಬರೀ ಪುಡಿ ನೋಡಿ ಬಂದವರು ಇದ್ದಾರೆ, ಹಾಗಾಗಿ ನಾವು ಗೆದ್ದಂತೆಯೇ.

ಲಾರಿಯವರು ರಾಡುಗಳನ್ನು ಒಂದೊಂದಾಗಿ ಮೇಲೆತ್ತುತ್ತಿದ್ದಾಗ ಏಜೆಂಟ್ ಬಿಲ್ ಬರೆದು ತಂದರು. ಕೊರೆದ ಅಡಿ, ಕೇಸಿಂಗ್ ಪೈಪು, ಎಲ್ಲ ಸೇರಿ 1,64,500 ರೂಪಾಯಿ. ಮುಂಗಡ ಹತ್ತು ಸಾವಿರ ಕೊಟ್ಟಿದ್ದೆ. ಬಾಕಿ 1,54,500. ಈ ವ್ಯವಹಾರದಲ್ಲಿ ಸಾಲದ ಮಾತಿಲ್ಲ. ಲಾರಿ ಹೊಲ ಬಿಡುವ ಮುನ್ನ ಹಣ ಕೈಗೆ ಸಿಗಬೇಕು, ಏಕೆಂದರೆ ಮರುದಿನ ಅದು ಬೇರೆ ಜಿಲ್ಲೆಯಲ್ಲಿರುತ್ತದೆ.

ನನ್ನ ಖಾತೆಯಲ್ಲಿ ಹಣವಿತ್ತು. ಅದನ್ನು ನಂಬಿಕೊಂಡೇ ಲಾರಿ ಕರೆಸಿದ್ದೆ. ಫೋನ್ ತೆಗೆದು, ಅವರು ತೋರಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೊದಲು ಐವತ್ತು ಸಾವಿರ ಎಂದು ಒತ್ತಿದೆ. ಹೋಗಲಿಲ್ಲ. ಇಪ್ಪತ್ತೈದು ಸಾವಿರ ಹಾಕಿದೆ, ಅದೂ ಇಲ್ಲ. ಇನ್ನೊಂದು ಆ್ಯಪ್ ತೆರೆದು ಅದರಲ್ಲಿ ಅದೇ ಖಾತೆಯಿಂದ ಪ್ರಯತ್ನಿಸಿದೆ. ಆ್ಯಪ್ ಬದಲಾದರೆ ಏನು, ಖಾತೆ ಒಂದೇ ತಾನೇ, ಅದೂ ಬಾಗಿಲು ಮುಚ್ಚಿತು. ಪರದೆಯ ಮೇಲೆ ಬಂದ ಸಾಲನ್ನು ಟಾರ್ಚ್ ಬೆಳಕಿನಲ್ಲಿ ತಮ್ಮ ಓದಿದ ಮೇಲೆಯೇ ನನಗೆ ಹೊಳೆದದ್ದು: ಹಳೆಯ ಫೋನಿನ ಗಾಜು ಒಡೆದಿತ್ತು, ಶನಿವಾರ ಸಂಜೆ ಏಳಕ್ಕೆ ಹೊಸ ಫೋನಿನಲ್ಲಿ ಯುಪಿಐ ನೋಂದಾಯಿಸಿಕೊಂಡಿದ್ದೆ. ಫೋನ್ ಬದಲಾದ ಮೊದಲ 24 ಗಂಟೆ ಐದು ಸಾವಿರಕ್ಕಿಂತ ಹೆಚ್ಚು ಕಳುಹಿಸುವಂತಿಲ್ಲ. ನನ್ನದು ಆಂಡ್ರಾಯ್ಡ್. ಐಫೋನ್ ಆಗಿದ್ದರೆ ಅನೇಕ ಬ್ಯಾಂಕುಗಳಲ್ಲಿ ಈ ಕಾಯುವಿಕೆ 72 ಗಂಟೆ ಎಂದು ಆಮೇಲೆ ತಿಳಿಯಿತು.

ಐದು ಸಾವಿರ ಕಳುಹಿಸಿದೆ, ಅದು ಹೋಯಿತು. ತಮ್ಮನ ಖಾತೆ ಬೇರೆ ಬ್ಯಾಂಕಿನದು. ಅವನ ಫೋನಿನಿಂದ ಇಪ್ಪತ್ತೈದು ಸಾವಿರ ಹೋಗಿ ಅಲ್ಲಿಗೆ ನಿಂತಿತು. ಅವನ ಬ್ಯಾಂಕು ಯುಪಿಐಗೆ ಇಟ್ಟಿದ್ದ ಮಿತಿಯೇ ಅಷ್ಟು ಎಂಬುದು ಅವನಿಗೂ ಆವತ್ತೇ ಗೊತ್ತಾದದ್ದು, ಅದುವರೆಗೆ ಅಷ್ಟು ದೊಡ್ಡ ಮೊತ್ತವನ್ನು ಅವನು ಕಳುಹಿಸಿಯೇ ಇರಲಿಲ್ಲ. ಅಮ್ಮ ಮನೆಗೆ ಹೋಗಿ ಹಸು ಮಾರಿದ ನಲವತ್ತು ಸಾವಿರ ತಂದುಕೊಟ್ಟರು. ಎಲ್ಲ ಕೂಡಿಸಿದರೆ ಎಪ್ಪತ್ತು ಸಾವಿರ. ಇನ್ನೂ 84,500 ಉಳಿಯಿತು. ಎರಡನೇ ಶನಿವಾರ ಕಳೆದು ಭಾನುವಾರದ ಬೆಳಗಿನ ಜಾವ ಅದು, ಬ್ಯಾಂಕು ತೆರೆಯುವುದು ಸೋಮವಾರವೇ.

ಲಾರಿಯ ಮುಖ್ಯಸ್ಥ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಮಾತನಾಡುವ ಮನುಷ್ಯ. ಬೈಯಲಿಲ್ಲ, ಆದರೆ ಲಾರಿಯ ಎಂಜಿನ್ನನ್ನೂ ಚಾಲು ಮಾಡಲಿಲ್ಲ. ಕೊನೆಗೆ ಏಜೆಂಟ್ ಮಧ್ಯೆ ಬಂದರು. "ಮೇಷ್ಟ್ರು ಹೊಲ ಬಿಟ್ಟು ಎಲ್ಲಿಗೆ ಓಡಿಹೋಗುತ್ತಾರೆ? ನನ್ನ ಮೇಲೆ ಬರೆದುಕೊಳ್ಳಿ, ಸೋಮವಾರದೊಳಗೆ ತೀರಿಸುತ್ತಾರೆ" ಎಂದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದಕ್ಕೆ ಸಿಕ್ಕ ಜಾಮೀನು ಅದು. ಲಾರಿ ಹೊರಟಾಗ ಕೋಳಿ ಕೂಗುತ್ತಿತ್ತು.

ಈಗ ನಾಚಿಕೆಯ ಭಾಗ ಹೇಳಬೇಕು.

ನಿದ್ದೆಯಿಲ್ಲದ ತಲೆ, ಜೊತೆಗೆ ಊರಿನವರ ಮುಂದೆ ಹಣ ಕೊಡಲಾಗದ ಅವಮಾನ. ಭಾನುವಾರ ಮಧ್ಯಾಹ್ನ ನಾನು ಮಾಡಿದ ಮೊದಲ ಕೆಲಸವೆಂದರೆ ಮಿತಿ ಹೆಚ್ಚಿಸಲು ಗ್ರಾಹಕ ಸೇವೆಯ ನಂಬರ್ ಯಾವುದೆಂದು ಅಂತರ್ಜಾಲದಲ್ಲಿ ಹುಡುಕಿದ್ದು. ಮೊದಲು ಕಂಡ ನಂಬರಿಗೆ ಕರೆ ಮಾಡಿದೆ. ಎತ್ತಿದವನ ಕನ್ನಡ ಅಚ್ಚುಕಟ್ಟಾಗಿತ್ತು. ನನ್ನ ಕಷ್ಟವನ್ನು ಪೂರ್ತಿ ಕೇಳಿಸಿಕೊಂಡ. "ಚಿಂತೆ ಬೇಡ ಸರ್, ನಿಮ್ಮ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿಕೊಡುತ್ತೇನೆ" ಎಂದ. ಪರದೆ ಹಂಚಿಕೊಳ್ಳುವ ಒಂದು ಆ್ಯಪ್ ಹಾಕಿಸಿದ. ಆಮೇಲೆ ಪಾವತಿ ಆ್ಯಪ್ ತೆರೆಸಿ, ಒಂದು ಯುಪಿಐ ವಿಳಾಸ ಹೇಳಿ, "ಕೆಳಗಿನ ಚೌಕದಲ್ಲಿ ಮಿತಿ ಕೋಡ್ ಹಾಕಿ ಸರ್, ನಾಲ್ಕು ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು" ಎಂದ. ನಾನು ಒತ್ತಿದೆ. "ಈಗ ದೃಢೀಕರಣಕ್ಕೆ ನಿಮ್ಮ ಪಿನ್" ಎಂದ. ಅದನ್ನೂ ಒತ್ತಿದೆ.

ಆ ಚೌಕ ಮೊತ್ತ ಬರೆಯುವ ಚೌಕ. ನಾನು ಹಾಕಿದ್ದು ಕೋಡ್ ಅಲ್ಲ, 49,999 ರೂಪಾಯಿ. ದಿನಾ ಬಳಸುವ ಪರದೆಯೇ ಆದರೂ, ಕಿವಿಯಲ್ಲಿ ಬೇರೆ ಹೆಸರು ಹೇಳುತ್ತಿದ್ದರೆ ಕಣ್ಣು ಅದನ್ನು ಬೇರೆಯಾಗಿಯೇ ಓದುತ್ತದೆ.

ಹಣ ಹೋಗಲಿಲ್ಲ. ಬೆಳಗಿನ ಜಾವ ನಾನು ಶಪಿಸಿದ್ದ ಅದೇ ಐದು ಸಾವಿರದ ಮಿತಿ ಅಡ್ಡ ನಿಂತಿತ್ತು. 24 ಗಂಟೆ ಮುಗಿಯಲು ಇನ್ನೂ ಐದು ಗಂಟೆ ಬಾಕಿ ಇತ್ತು, ಆ ಐದು ಸಾವಿರವನ್ನು ಬೋರ್‌ವೆಲ್‌ನವರಿಗೆ ಆಗಲೇ ಕೊಟ್ಟು ಮುಗಿಸಿದ್ದೆ. ಪರದೆಯ ಮೇಲೆ ಕೆಂಪು ಗುರುತು, ಅದರ ಕೆಳಗೆ 49,999 ಎಂಬ ಅಂಕಿ, ಅದರ ಮುಂದೆ ರೂಪಾಯಿ ಚಿಹ್ನೆ. ಆ ಚಿಹ್ನೆ ಕಂಡ ಮೇಲೆ ನಿದ್ದೆ ಇಳಿಯಿತು. ಆ ಕಡೆಯವನು "ಪರವಾಗಿಲ್ಲ ಸರ್, ಚಿಕ್ಕ ಕೋಡ್ ಹಾಕೋಣ, 4999" ಎನ್ನುತ್ತಿದ್ದ. ಕರೆ ಕತ್ತರಿಸಿ ಫೋನನ್ನೇ ಆರಿಸಿದೆ.

ತಮ್ಮ ಬಂದು ಇಂಟರ್‌ನೆಟ್ ನಿಲ್ಲಿಸಿ, ಆ ಪರದೆ ಹಂಚುವ ಆ್ಯಪನ್ನು ತೆಗೆದುಹಾಕಿ, ಅದಕ್ಕೆ ಕೊಟ್ಟಿದ್ದ ಅನುಮತಿಗಳೆಲ್ಲ ಹೋಗಿವೆಯೇ ಎಂದು ನೋಡಿದ. ನಂತರವೇ ಯುಪಿಐ ಪಿನ್ ಬದಲಾಯಿಸಿದೆ. ಹಣ ಹೋಗಿದ್ದರೆ ಮಾಡಬೇಕಾದ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನನ್ನದು ಹೋಗಿರಲಿಲ್ಲವಾದ್ದರಿಂದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ಆ ನಂಬರನ್ನು ದಾಖಲಿಸಿದೆ.

ಸಂಜೆ ಏಳು ಕಳೆಯಿತು. ಈಗ ಪೂರ್ತಿ 84,500 ಹೋಗುತ್ತದೆ ಎಂದುಕೊಂಡೆ, ಏಕೆಂದರೆ ಯುಪಿಐಯಲ್ಲಿ ದಿನಕ್ಕೆ ಒಂದು ಲಕ್ಷ ಎಂಬುದು ಎಲ್ಲರಿಗೂ ತಿಳಿದ ಮಾತು. ಹೋಗಲಿಲ್ಲ. ಐವತ್ತು ಸಾವಿರವೂ ಹೋಗಲಿಲ್ಲ. ಸಿಟ್ಟಿನಿಂದ ಒಂದೊಂದೇ ಐದು ಸಾವಿರ ಇಳಿಸುತ್ತಾ ಬರೋಣ ಎಂದು 45,000 ಹಾಕಿದರೆ ಅದು ಹೋಯಿತು! ಯಾಕೆ ಹೋಯಿತು ಎಂಬುದು ನನಗೆ ಅರ್ಥವಾಗಲಿಲ್ಲ. ಉಳಿದ 39,500 ಸೋಮವಾರ ಬೆಳಿಗ್ಗೆ ಎದ್ದ ಕೂಡಲೇ ಕಳುಹಿಸಿದೆ, ತಕರಾರಿಲ್ಲದೆ ಹೋಯಿತು. ಏಜೆಂಟರ ಜಾಮೀನು ಬಿಡುಗಡೆಯಾಯಿತು. ಅರ್ಧ ದಿನ ರಜೆ ಬರೆದುಕೊಟ್ಟು ನಾನು ಬ್ಯಾಂಕಿಗೆ ಹೋದೆ.

ಜಗಳ ಮಾಡಲೆಂದೇ ಹೋಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿನ ಅಧಿಕಾರಿ ಮೇಡಂ ನನ್ನ ಮಾತನ್ನು ಕೇಳುತ್ತಲೇ ವಿಫಲವಾದ ಪಾವತಿಗಳ ಪಟ್ಟಿ ತೆರೆದರು. 84,500ರ ಸಾಲಿನ ಮುಂದೆ Z8 ಎಂದಿತ್ತು. "ಇದನ್ನು ನೋಡಿ ಸರ್. ಹಣ ಇಲ್ಲದಿದ್ದರೆ Z9 ಬರುತ್ತದೆ. Z8 ಎಂದರೆ ಕಳುಹಿಸುವವರ ಬ್ಯಾಂಕು ಒಂದು ಪಾವತಿಗೆ ಹಾಕಿದ ಮಿತಿ ಮೀರಿದೆ ಎಂದು ಅರ್ಥ. ಕಳುಹಿಸುವವರ ಬ್ಯಾಂಕು ಎಂದರೆ ನಾವೇ" ಎಂದರು.

ಮಿತಿ ಎಂಬುದು ಒಂದಲ್ಲ, ಒಂದರೊಳಗೆ ಒಂದು ಇರುವ ಡಬ್ಬಿಗಳಂತೆ ಎಂಬುದು ಅವರು ವಿವರಿಸಿದ ಮೇಲೆ ಗೊತ್ತಾಯಿತು. ಹೊರಗಿನ ದೊಡ್ಡ ಡಬ್ಬಿ ಯುಪಿಐಯನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮದ್ದು. ಒಬ್ಬರಿಂದ ಒಬ್ಬರಿಗೆ ಕಳುಹಿಸಲು ದಿನಕ್ಕೆ ಒಂದು ಲಕ್ಷ. ಆಸ್ಪತ್ರೆ, ಕಾಲೇಜು ಶುಲ್ಕ, ತೆರಿಗೆಯಂಥ ಕೆಲವೇ ಬಗೆಯ ಪಾವತಿಗಳಿಗೆ ಐದು ಲಕ್ಷದವರೆಗೆ ಅವಕಾಶವಿದೆ, ಬೋರ್‌ವೆಲ್ ಆ ಪಟ್ಟಿಯಲ್ಲಿಲ್ಲ. ಅದರೊಳಗೆ ಬ್ಯಾಂಕಿನ ಡಬ್ಬಿ. ಒಂದು ಲಕ್ಷ ಮೀರದಂತೆ ಬ್ಯಾಂಕು ತನಗೆ ಬೇಕಾದಷ್ಟು ಕಡಿಮೆ ಇಟ್ಟುಕೊಳ್ಳಬಹುದು. ನನ್ನದಕ್ಕೆ ಒಂದು ಪಾವತಿಗೂ ಇಡೀ ದಿನಕ್ಕೂ ಐವತ್ತು ಸಾವಿರ ಇತ್ತು. ಭಾನುವಾರ ಬೆಳಗಿನ ಜಾವದ ಐದು ಸಾವಿರವೂ ಅದೇ ದಿನದ ಲೆಕ್ಕಕ್ಕೆ ಸೇರಿತ್ತು, ಹಾಗಾಗಿಯೇ ಸಂಜೆ 45,000 ಹೋಯಿತು, 50,000 ಹೋಗಲಿಲ್ಲ. ಎಲ್ಲಕ್ಕಿಂತ ಒಳಗಿನದು ಹೊಸ ಫೋನಿನ ಐದು ಸಾವಿರ. ಮೂರರಲ್ಲಿ ಗ್ರಾಹಕ ಕೇಳಿ ಬದಲಾಯಿಸಿಕೊಳ್ಳಬಹುದಾದದ್ದು ನಡುವಿನದು ಮಾತ್ರ. ಹೊರಗಿನದನ್ನು ಏರಿಸುತ್ತೇನೆ ಎಂದವನು ಯಾರೇ ಆಗಲಿ ಸುಳ್ಳುಗಾರ. ಐದು ಲಕ್ಷ ಎಂದ ಕೂಡಲೇ ನಾನು ಫೋನ್ ಇಡಬೇಕಿತ್ತು.

"ನನ್ನ ಹಣಕ್ಕೆ ನಿಮ್ಮ ಅಡ್ಡಗೋಡೆ ಏಕೆ ಮೇಡಂ?" ಎಂದು ಆದರೂ ಕೇಳಿದೆ. ಅವರು ಚೆಕ್ಕಿನ ಉದಾಹರಣೆ ಕೊಟ್ಟರು. ಚೆಕ್ ಬರೆದುಕೊಟ್ಟು ಮನಸ್ಸು ಬದಲಾದರೆ ಅದು ಪಾಸಾಗುವ ಮುನ್ನ ನಿಲ್ಲಿಸಬಹುದು. ಯುಪಿಐಯಲ್ಲಿ ಆ ನಡುವಿನ ಸಮಯವೇ ಇಲ್ಲ. ಬ್ಯಾಂಕು ಬ್ಯಾಂಕುಗಳು ತಮ್ಮ ತಮ್ಮೊಳಗಿನ ಲೆಕ್ಕವನ್ನು ದಿನಕ್ಕೆ ಹಲವು ಸುತ್ತುಗಳಲ್ಲಿ ಚುಕ್ತಾ ಮಾಡಿಕೊಳ್ಳುತ್ತವೆ, ಆದರೆ ಗ್ರಾಹಕನ ಖಾತೆಗೆ ಹಣ ಆ ಕ್ಷಣವೇ ಜಮಾ ಆಗಿಬಿಡುತ್ತದೆ. ಅಂದರೆ ಹಣ ಪಡೆದವನ ಬ್ಯಾಂಕು ಒಂದಷ್ಟು ಹೊತ್ತು ಇನ್ನೊಂದು ಬ್ಯಾಂಕನ್ನು ನಂಬಿ ಕೊಟ್ಟಂತೆ. ಹೀಗೆ ನಂಬಿ ಕೊಡುವುದಕ್ಕೂ ಒಂದು ಅಳತೆ ಬೇಕಲ್ಲ.

ಅದಕ್ಕಿಂತ ದೊಡ್ಡ ಕಾರಣ ಕಳ್ಳತನ. ಮೋಸದಿಂದ ಹೋದ ಹಣ ಮೊದಲು ತಲುಪುವುದು ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ. ಅಲ್ಲಿಂದ ನಿಮಿಷಗಳಲ್ಲಿ ಎರಡು ಮೂರು ಖಾತೆಗಳಿಗೆ ಹರಿದು, ಕೊನೆಗೆ ಎಟಿಎಂನಲ್ಲಿ ನೋಟಾಗುತ್ತದೆ. ಅಷ್ಟರೊಳಗೆ ತಡೆದರೆ ಉಂಟು, ಇಲ್ಲವಾದರೆ ಇಲ್ಲ. ಪಕ್ಕದ ಹಳ್ಳಿಯ ನಿವೃತ್ತ ನೌಕರರೊಬ್ಬರ ಸಂಗತಿಯನ್ನು ಮೇಡಂ ಹೆಸರು ಹೇಳದೆ ಹೇಳಿದರು. ಅವರ ಖಾತೆಯಲ್ಲಿ ಪಿಂಚಣಿಯ ಹನ್ನೊಂದು ಲಕ್ಷ ಇತ್ತು. ಸಂಜೆ ಮೋಸ ಹೋದರು, ರಾತ್ರಿ ಮಗನಿಗೆ ತಿಳಿಯಿತು, 1930ಕ್ಕೆ ಕರೆ ಹೋಯಿತು. ಹೋದದ್ದು ಒಂದು ಲಕ್ಷ. ಹತ್ತು ಲಕ್ಷ ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ, ಆ ದಿನಕ್ಕೆ ಅದಕ್ಕಿಂತ ಹೆಚ್ಚು ಹೋಗುವ ದಾರಿ ಇರಲಿಲ್ಲ, ಅಷ್ಟೆ. ಹೊಸ ಫೋನಿನ ಐದು ಸಾವಿರಕ್ಕೂ ಇದೇ ತರ್ಕ. ನಿಮ್ಮ ಸಿಮ್ಮನ್ನು ನಕಲಿ ದಾಖಲೆ ಕೊಟ್ಟು ಬೇರೊಬ್ಬ ಪಡೆದರೆ, ಅವನು ಮೊದಲು ಮಾಡುವುದು ತನ್ನ ಫೋನಿನಲ್ಲಿ ನಿಮ್ಮ ಯುಪಿಐ ನೋಂದಾಯಿಸುವುದನ್ನೇ. ನಿಮ್ಮ ಫೋನಿನಲ್ಲಿ ಸಿಗ್ನಲ್ ಸತ್ತಿದೆ ಎಂದು ನಿಮಗೆ ಅನುಮಾನ ಬರಲು ಆ ಒಂದು ದಿನ ಬೇಕು. ಬ್ಯಾಂಕಿನ ಕಣ್ಣಿಗೆ ಹೊಸ ಫೋನ್ ಕೊಂಡ ಮೇಷ್ಟ್ರೂ ಆ ಕಳ್ಳನೂ ಒಂದೇ ರೀತಿ ಕಾಣುತ್ತಾರೆ.

ಇನ್ನೊಂದು ಮಾತನ್ನೂ ಸೇರಿಸಿದರು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲ. ಆದರೆ ಗುಟ್ಟಿನ ವಿವರವನ್ನು ಅವನೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ಆ 49,999 ಹೋಗಿದ್ದರೆ ಪಿನ್ ಒತ್ತಿದ ಬೆರಳು ನನ್ನದು. ಮಿತಿ ಏರಿಸುವುದೆಂದರೆ ಒಂದು ತಪ್ಪಿಗೆ ನಾನು ಕಟ್ಟಲು ಒಪ್ಪಿದ ದಂಡವನ್ನು ಏರಿಸಿದಂತೆ ಎಂದು ಅವತ್ತು ಮೊದಲ ಬಾರಿ ಅನ್ನಿಸಿತು.

ಏರಿಸುವ ಕ್ರಮವೇನೂ ಕಷ್ಟದ್ದಲ್ಲ. ಪಾವತಿ ಆ್ಯಪಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬ್ಯಾಂಕಿನ ಸ್ವಂತ ಆ್ಯಪಿನಲ್ಲಿ ಲಾಗಿನ್ ಆಗಿ, ಮಿತಿ ನಿರ್ವಹಣೆ ಎಂಬಲ್ಲಿಗೆ ಹೋದರೆ ಯುಪಿಐಗೆ ಒಂದು, ಖಾತೆಯಿಂದ ಖಾತೆಗೆ ವರ್ಗಾಯಿಸಲು ಇನ್ನೊಂದು ಸಾಲು ಇತ್ತು. ಮೇಡಂ ನನ್ನ ಫೋನನ್ನು ಮುಟ್ಟಲಿಲ್ಲ, ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಒಟಿಪಿಯನ್ನು ನಾನು ಗಟ್ಟಿಯಾಗಿ ಓದಲು ಹೊರಟಾಗ ಬೆರಳನ್ನು ತುಟಿಯ ಮೇಲಿಟ್ಟರು. ನನ್ನ ಬ್ಯಾಂಕಿನಲ್ಲಿ ಏರಿಸಿದ ಮಿತಿ ಜಾರಿಗೆ ಬರಲು ಒಂದು ದಿನ ಬೇಕು, ಇಳಿಸಿದ್ದು ಮಾತ್ರ ತಕ್ಷಣ. ಕಳ್ಳನೂ ಇದೇ ಪುಟಕ್ಕೆ ಬರಬಹುದೆಂದು ಯೋಚಿಸಿ ಮಾಡಿದ ವ್ಯವಸ್ಥೆ. ಮಿತಿ ಬದಲಾಯಿತು ಎಂಬ ಎಸ್‌ಎಂಎಸ್ ಬರುತ್ತದೆ. ನೀವು ಬದಲಾಯಿಸದೆ ಅಂಥದ್ದು ಬಂದರೆ ಅದು ಮುನ್ನೆಚ್ಚರಿಕೆ.

ಆದರೆ ನನ್ನ ಬೋರ್‌ವೆಲ್ ಬಿಲ್ಲಿಗೆ ಯುಪಿಐ ದಾರಿಯೇ ತಪ್ಪು ಎಂಬುದು ಅವರ ಅಭಿಪ್ರಾಯ. ಒಂದು ಲಕ್ಷ ದಾಟುವ ಮೊತ್ತಕ್ಕೆ ಖಾತೆಯಿಂದ ಖಾತೆಗೆ ನೇರವಾಗಿ ಕಳುಹಿಸುವ ಐಎಂಪಿಎಸ್ ಅಥವಾ ನೆಫ್ಟ್ ಇದೆ. ಹಿಂದಿನ ದಿನವೇ ಪಡೆಯುವವರ ಖಾತೆಯನ್ನು ಸೇರಿಸಿಟ್ಟುಕೊಂಡಿದ್ದರೆ ನಡುರಾತ್ರಿಯಲ್ಲೂ ನಡೆಯುತ್ತಿತ್ತು. ಐಎಂಪಿಎಸ್ ಆ ಕ್ಷಣಕ್ಕೆ ತಲುಪುತ್ತದೆ, ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. ಎರಡೂ ಭಾನುವಾರವೆನ್ನದೆ ಹಗಲು ರಾತ್ರಿ ನಡೆಯುತ್ತವೆ.

ಪರೀಕ್ಷೆಗೆ ಹತ್ತೇ ದಿನದಲ್ಲಿ ಅವಕಾಶ ಬಂತು. ಮೋಟಾರು, ಪೈಪು, ಕೇಬಲ್ಲು, ಪ್ಯಾನೆಲ್ ಬೋರ್ಡ್ ಸೇರಿ ಚಿಂತಾಮಣಿಯ ಅಂಗಡಿಯಲ್ಲಿ 1,32,000 ಆಯಿತು. ಸಾಮಾನು ಎತ್ತುವುದು ಗುರುವಾರ ಎಂದು ಮಾತಾಗಿತ್ತು. ಮಂಗಳವಾರವೇ ಅಂಗಡಿಗೆ ಹೋಗಿ ಖಾತೆ ಸಂಖ್ಯೆಯನ್ನು ಅವರ ಚೆಕ್ ಪುಸ್ತಕದಿಂದ ನೋಡಿ ಬರೆದುಕೊಂಡೆ, ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತೇನೆ ಎಂದರೂ ಬೇಡವೆಂದೆ. ಮನೆಯಲ್ಲಿ ಬ್ಯಾಂಕಿನ ಆ್ಯಪಿಗೆ ಅದನ್ನು ಸೇರಿಸುವಾಗ ಪರದೆಯ ಮೇಲೆ ಯಾರೋ ಹೆಂಗಸಿನ ಹೆಸರು ಬಂತು. ಬೆಚ್ಚಿ ನೋಡಿದರೆ ನನ್ನ ಕೈಬರಹದ 3 ನನಗೇ 8 ಆಗಿ ಕಂಡಿತ್ತು. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ಗೂ ಹೀಗೆ ಖಾತೆದಾರರ ಹೆಸರು ತೋರಿಸುವ ಏರ್ಪಾಡು ಬಂದಿದೆ. ಅದಕ್ಕೆ ಮುಂಚೆ ಹಣ ಹೋಗುತ್ತಿದ್ದದ್ದು ಸಂಖ್ಯೆಯನ್ನು ನಂಬಿ, ಹೆಸರು ನೀವು ಏನು ಬರೆದರೂ ನಡೆಯುತ್ತಿತ್ತು. ಸಂಖ್ಯೆ ತಿದ್ದಿದ ಮೇಲೆ ಅಂಗಡಿಯ ಹೆಸರು ಬಂತು.

ಅದೇ ಹೊತ್ತಿಗೆ ವರ್ಗಾವಣೆಯ ಮಿತಿಯನ್ನು ಒಂದೂವರೆ ಲಕ್ಷಕ್ಕೆ ಏರಿಸಿದೆ. ಹೊಸದಾಗಿ ಸೇರಿಸಿದ ಖಾತೆಗೂ ಒಂದು ದಿನದ ಕಾಯುವಿಕೆ ಇತ್ತು. ಬುಧವಾರ ರಾತ್ರಿ ಒಂದು ರೂಪಾಯಿ ಕಳುಹಿಸಿ ಅಂಗಡಿಯವರಿಗೆ ಕರೆ ಮಾಡಿದೆ. "ಬಂತು ಮೇಷ್ಟ್ರೇ, ಬಾಕಿ 1,31,999" ಎಂದು ನಕ್ಕರು. ಗುರುವಾರ ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ಅಷ್ಟನ್ನೂ ಐಎಂಪಿಎಸ್‌ನಲ್ಲಿ ಕಳುಹಿಸಿದೆ. ಅವರ ಫೋನಿನಲ್ಲಿ ಶಬ್ದವಾಗುವಷ್ಟರಲ್ಲಿ ಹುಡುಗರು ಪೈಪುಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಅಲ್ಲಿಯೇ ನಿಂತು ವರ್ಗಾವಣೆಯ ಮಿತಿಯನ್ನು ಹತ್ತು ಸಾವಿರಕ್ಕೆ, ಯುಪಿಐ ಮಿತಿಯನ್ನು ಇಪ್ಪತ್ತು ಸಾವಿರಕ್ಕೆ ಇಳಿಸಿದೆ. ಉಳಿತಾಯದ ದೊಡ್ಡ ಭಾಗವನ್ನು ಯುಪಿಐಗೆ ಜೋಡಿಸದ ಇನ್ನೊಂದು ಖಾತೆಗೆ ಹಾಕಿಟ್ಟಿದ್ದೇನೆ, ಕೈಖರ್ಚಿನದು ಮಾತ್ರ ಈ ಖಾತೆಯಲ್ಲಿ.

ನೀರು ಬಿದ್ದ ಹೊಲಕ್ಕೆ ಟೊಮೆಟೊ ಸಸಿ ಹಾಕಿದ್ದಾಯಿತು. ಮೊನ್ನೆ ಗೊಬ್ಬರ, ಡ್ರಿಪ್ ಪೈಪು ಎಂದು ಇನ್ನೊಂದು ಅಂಗಡಿಯಲ್ಲಿ 24,000 ಬಿಲ್ ಆಯಿತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಹೋಗಲಿಲ್ಲ. ಹಿಂದೆ ಸಾಲು ನಿಂತಿತ್ತು. ಇಪ್ಪತ್ತು ಸಾವಿರ ಕಳುಹಿಸಿ, ಮಿಕ್ಕ ನಾಲ್ಕು ಸಾವಿರವನ್ನು ನಾಳೆ ಕೊಡುತ್ತೇನೆ ಎಂದೆ. ಅಂಗಡಿಯವರು ಮಾತನಾಡದೆ ಡ್ರಾಯರ್ ಎಳೆದು, ಎಣ್ಣೆ ಕಲೆಯಾದ ಹಳೆಯ ಸಾಲದ ಪುಸ್ತಕವನ್ನು ಹೊರಗೆ ತೆಗೆದರು.